ಗೋಡೆ, ಗುಡ್ಡ, ಬಾಲ: ತರಗತಿಯ ಅಂಕಗಳ ಹಿಸ್ಟೋಗ್ರಾಂ ಓದುವ ಕ್ರಮ

ಉತ್ತರಪತ್ರಿಕೆ ತಿದ್ದಿ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಪಕ್ಕದ ಕುರ್ಚಿಯವರು ಕೇಳುವುದು ಒಂದೇ ಮಾತು: "ಆವರೇಜ್ ಎಷ್ಟು ಬಂತು ಸರ್?" 40ಕ್ಕೆ 22 ಎಂದರೆ "ಪರವಾಗಿಲ್ಲ ಬಿಡಿ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ 22 ಸರಾಸರಿ ಬಂದ ತರಗತಿಯಲ್ಲಿ 22ರ ಆಸುಪಾಸಿನಲ್ಲಿ ಒಬ್ಬಿಬ್ಬರು ಮಾತ್ರ ಇರುವುದೂ ಉಂಟು. ಅಂಥ ತರಗತಿಯಲ್ಲಿ 'ಸಾಧಾರಣ ವಿದ್ಯಾರ್ಥಿ'ಯನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠ ಮಾಡಿದರೆ, ಆ ಪಾಠ ಇಲ್ಲದ ಮಕ್ಕಳಿಗೆ ಮಾಡಿದಂತೆ.

ಇದು ಸಂಖ್ಯೆಯಲ್ಲಿ ಕಾಣುವುದಿಲ್ಲ, ಚಿತ್ರದಲ್ಲಿ ಕಾಣುತ್ತದೆ. ಪ್ರೌಢಶಾಲೆಯಲ್ಲಿ ಹಿಸ್ಟೋಗ್ರಾಂ ಬರೆಯುವುದನ್ನು ನಾವೇ ಕಲಿಸುತ್ತೇವೆ, ಆದರೆ ಬರೆದ ಮೇಲೆ ಅದನ್ನು ಓದುವುದಕ್ಕೆ ಪಠ್ಯದಲ್ಲಿ ಹೆಚ್ಚು ಜಾಗವಿಲ್ಲ. ನಾನು ಅನುಸರಿಸುವ ಕ್ರಮವನ್ನು ಒಂದು ತರಗತಿಯ ಅಂಕಗಳ ಮೂಲಕ ಇಲ್ಲಿ ವಿವರಿಸುತ್ತೇನೆ. ಮೊದಲು ಗೋಡೆ, ಆಮೇಲೆ ಗುಡ್ಡ, ಕೊನೆಗೆ ಬಾಲ. ಕ್ರಮ ಏಕೆ ಹೀಗೆಯೇ ಇರಬೇಕು ಎಂಬುದು ಮುಂದೆ ಹೋದಂತೆ ತಿಳಿಯುತ್ತದೆ.

ಮೊದಲು ಪಟ್ಟಿಯನ್ನು ಸ್ವಚ್ಛ ಮಾಡಿಕೊಳ್ಳಿ

8ನೇ ತರಗತಿ, 40 ಮಕ್ಕಳು, ಬೀಜೋಕ್ತಿಗಳ ಮೇಲೆ 40 ಅಂಕದ ಘಟಕ ಪರೀಕ್ಷೆ ಎಂದಿಟ್ಟುಕೊಳ್ಳಿ. ಈ ಅಂಕಗಳನ್ನು ಲೇಖನಕ್ಕಾಗಿ ನಾನೇ ಜೋಡಿಸಿದ್ದೇನೆ. ಆದರೆ ಇಂಥ ಪಟ್ಟಿಯನ್ನು ನೋಡದ ಗಣಿತ ಶಿಕ್ಷಕರು ಕಡಿಮೆ. ಕಾಗದ ತೆಗೆದುಕೊಂಡು ಜೊತೆಯಲ್ಲೇ ಬರೆಯಿರಿ.

```
 6  9  9 10 11 12 12 12 13 14
14 14 14 15 16 16 18 19 22 24
25 26 26 26 28 28 29 30 30 30
31 31 33 33 34 34 34 36 37 38
```

ಏರಿಕೆಯ ಕ್ರಮದಲ್ಲಿ ಬರೆದಿರುವುದರಿಂದ ಮಧ್ಯಾಂಕ ಸುಲಭವಾಗಿ ಸಿಗುತ್ತದೆ. 20ನೆಯ ಅಂಕ 24, 21ನೆಯದು 25, ಆದ್ದರಿಂದ ಮಧ್ಯಾಂಕ 24.5. ಎಲ್ಲವನ್ನೂ ಕೂಡಿದರೆ 899, ಸರಾಸರಿ ಸುಮಾರು 22.5.

ಚಿತ್ರಕ್ಕೆ ಹೋಗುವ ಮುನ್ನ ಒಂದನ್ನು ನೋಡಿಬಿಡಿ. ಗೈರುಹಾಜರಾದ ಮಕ್ಕಳಿಗೆ ಪಟ್ಟಿಯಲ್ಲಿ ಸೊನ್ನೆ ಬಿದ್ದಿದೆಯೇ? ಹಾಜರಿ ಪುಸ್ತಕದ ಪ್ರಕಾರ ಆ ದಿನ ನಾಲ್ವರು ಬಂದಿರದಿದ್ದರೆ, ಆ ನಾಲ್ಕು ಸೊನ್ನೆಗಳು ಚಿತ್ರದ ಎಡತುದಿಯಲ್ಲಿ ಒಂದು ಪುಟ್ಟ ದಿಬ್ಬವಾಗಿ ನಿಲ್ಲುತ್ತವೆ. ಪರೀಕ್ಷೆ ಬರೆದು ಸೊನ್ನೆ ತೆಗೆದುಕೊಂಡವರು ಬೇರೆ, ಬರೆಯದವರು ಬೇರೆ. ಬರೆಯದವರನ್ನು ಪಟ್ಟಿಯಿಂದ ತೆಗೆಯಿರಿ.

ವರ್ಗಾಂತರದ ಅಗಲ: ಇಲ್ಲಿ ಸ್ವಲ್ಪ ನಿಲ್ಲಬೇಕು

ಹಿಸ್ಟೋಗ್ರಾಂ ತಪ್ಪು ಹೇಳಿದರೆ ಹತ್ತರಲ್ಲಿ ಎಂಟು ಸಲ ಕಾರಣ ವರ್ಗಾಂತರದ ಅಗಲವೇ. ಇದೇ 40 ಅಂಕಗಳನ್ನು 5ರ ಅಗಲದಲ್ಲಿ ಬರೆದರೆ ಹೀಗೆ ಕಾಣುತ್ತದೆ. ಕಂಬಗಳನ್ನು ಇಲ್ಲಿ ಮಲಗಿಸಿದ್ದೇನೆ. ಹಾಳೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕಂಬಗಳು ಎದ್ದು ನಿಲ್ಲುತ್ತವೆ, ಕಡಿಮೆ ಅಂಕ ಎಡಕ್ಕೆ ಬರುತ್ತದೆ.

```
 0–4
 5–9   ■■■
10–14  ■■■■■■■■■■
15–19  ■■■■■
20–24  ■■
25–29  ■■■■■■■
30–34  ■■■■■■■■■■
35–39  ■■■
40
```

ಎರಡು ಗುಡ್ಡ, ನಡುವೆ ಒಂದು ಕಣಿವೆ. ಈಗ ಇದೇ ಮಕ್ಕಳನ್ನು ಮೂರು ಭಾಗ ಮಾಡಿ ನೋಡಿ. 'ಕೆಳಗಿನವರು, ಮಧ್ಯಮರು, ಮೇಲಿನವರು' ಎಂದು ವರದಿಗಳಲ್ಲಿ ನಾವು ಬರೆಯುತ್ತೇವಲ್ಲ, ಹಾಗೆ. 0ರಿಂದ 13ರವರೆಗೆ 9 ಮಕ್ಕಳು, 14ರಿಂದ 27ರವರೆಗೆ 15, 28ರಿಂದ 40ರವರೆಗೆ 16. ಕಣಿವೆ ಮಾಯ. ಮಧ್ಯಮರು ಧಾರಾಳವಾಗಿ ಇದ್ದಾರೆ ಎಂದು ಯಾರಾದರೂ ನಂಬುತ್ತಾರೆ. ಆ 15 'ಮಧ್ಯಮ'ರಲ್ಲಿ ಒಂಬತ್ತು ಮಕ್ಕಳು ಎಡಗುಡ್ಡದ ಇಳಿಜಾರಿನವರು, ಆರು ಮಕ್ಕಳು ಬಲಗುಡ್ಡದ ಬುಡದವರು. ಅಗಲ ಹೆಚ್ಚಾಗಿದ್ದರಿಂದ ಇಬ್ಬರೂ ಒಂದೇ ಕಂಬಕ್ಕೆ ಬಿದ್ದರು, ಅಷ್ಟೆ.

ಹಾಗೆಂದು ಒಂದೊಂದು ಅಂಕಕ್ಕೂ ಒಂದೊಂದು ಕಂಬ ನಿಲ್ಲಿಸಿದರೆ ಚಿತ್ರ ಹಲ್ಲು ಮುರಿದ ಬಾಚಣಿಗೆಯಾಗುತ್ತದೆ. 26ರಲ್ಲಿ ಮೂವರು, 27ರಲ್ಲಿ ಯಾರೂ ಇಲ್ಲ. 31ರಲ್ಲಿ ಇಬ್ಬರು, 32ರಲ್ಲಿ ಯಾರೂ ಇಲ್ಲ. ಇವು ಕಣಿವೆಗಳಲ್ಲ. 40 ಮಕ್ಕಳನ್ನು 41 ಅಂಕಗಳ ಮೇಲೆ ಹರಡಿದಾಗ ಅಲ್ಲಲ್ಲಿ ಖಾಲಿ ಬೀಳಲೇಬೇಕು.

ನನ್ನ ರೂಢಿ ಹೀಗಿದೆ. 30ರಿಂದ 60 ಮಕ್ಕಳ ತರಗತಿಗೆ ಒಟ್ಟು ಏಳೆಂಟು ಕಂಬ ಬರುವಂತೆ ಅಗಲ ಹಿಡಿಯುತ್ತೇನೆ. ಆಮೇಲೆ ಅದಕ್ಕಿಂತ ಕಿರಿದಾದ ಅಗಲದಲ್ಲಿ ಒಮ್ಮೆ, ಹಿರಿದಾದ ಅಗಲದಲ್ಲಿ ಒಮ್ಮೆ ಬರೆಯುತ್ತೇನೆ. ಮೂರರಲ್ಲೂ ಉಳಿಯುವ ಆಕಾರವನ್ನು ಮಾತ್ರ ನಂಬುತ್ತೇನೆ. ಮೇಲಿನ ಪಟ್ಟಿಯನ್ನು 4ರ ಅಗಲದಲ್ಲಿ ಬರೆದರೆ 0, 1, 4, 9, 4, 1, 5, 8, 5, 3 ಎಂದು ಬರುತ್ತದೆ. 10ರ ಅಗಲದಲ್ಲಿ 3, 15, 9, 13. ಕಣಿವೆ ಎರಡರಲ್ಲೂ ಇದೆ, 5ರಲ್ಲೂ ಇದೆ. ಮೂರೇ ಕಂಬಕ್ಕೆ ಇಳಿಸಿದಾಗ ಮಾತ್ರ ಮುಚ್ಚಿಹೋಗುತ್ತದೆ. ಹಾಗಾಗಿ ಇದು ಅಗಲದ ಆಟವಲ್ಲ.

ಅಗಲ ಯಾವಾಗಲೂ ಪೂರ್ಣಸಂಖ್ಯೆಯಾಗಿರಲಿ. ಕಂಪ್ಯೂಟರ್ ತಾನಾಗಿ ಅಗಲ ಆರಿಸಿದರೆ ಕೆಲವು ಸಲ 2.5 ಎಂಬಂಥದ್ದು ಬಂದುಬಿಡುತ್ತದೆ. ಅಂಕಗಳು ಪೂರ್ಣಸಂಖ್ಯೆಗಳಾದ್ದರಿಂದ ಮೊದಲ ಕಂಬಕ್ಕೆ 0, 1, 2 ಎಂಬ ಮೂರು ಅಂಕಗಳು ಸೇರುತ್ತವೆ, ಎರಡನೆಯದಕ್ಕೆ 3, 4 ಎಂಬ ಎರಡೇ. ಹೀಗೆ ಮೂರು, ಎರಡು, ಮೂರು, ಎರಡು ಎಂದು ಸಾಗಿ, ಮಕ್ಕಳಲ್ಲಿ ಇಲ್ಲದ ಏರಿಳಿತ ಚಿತ್ರದಲ್ಲಿ ಹುಟ್ಟುತ್ತದೆ. ಎಲ್ಲ ಪ್ರಶ್ನೆಗೂ ಎರಡೆರಡು ಅಂಕವಿದ್ದು, ಅರ್ಧ ಉತ್ತರಕ್ಕೆ ಅಂಕವಿಲ್ಲದ ಪರೀಕ್ಷೆಯಲ್ಲಿ ಬೆಸ ಅಂಕಗಳೇ ಬರುವುದಿಲ್ಲ. ಅಲ್ಲಿ ಅಗಲ ಸಮಸಂಖ್ಯೆಯೇ ಆಗಬೇಕು.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ಚಾರ್ಟಿನ ಸ್ವಯಂ ಆಯ್ಕೆಗೆ ಬಿಡದೆ ತಾವೇ ಎಣಿಸಿಕೊಳ್ಳುವುದು ಒಳ್ಳೆಯದು. ಅಂಕಗಳು B2ರಿಂದ B41ರವರೆಗೆ, ವರ್ಗಾಂತರದ ಕೆಳಮಿತಿಗಳು (0, 5, 10 ಹೀಗೆ) D2ರಿಂದ ಕೆಳಕ್ಕೆ ಇದ್ದರೆ, E2ರಲ್ಲಿ ಇದನ್ನು ಬರೆದು ಕೆಳಕ್ಕೆ ಎಳೆಯಿರಿ.

```
=COUNTIFS(B$2:B$41,">="&D2,B$2:B$41,"<"&D2+5)
```

ಮೊದಲ ನೋಟ: ಗೋಡೆ

ಅಂಕಗಳಿಗೆ ಎರಡು ಗೋಡೆಗಳಿವೆ. ಎಡಕ್ಕೆ ಸೊನ್ನೆ, ಬಲಕ್ಕೆ ಪೂರ್ಣಾಂಕ, ಅಂದರೆ ಪತ್ರಿಕೆಯ ಗರಿಷ್ಠ ಅಂಕ. ಚಿತ್ರ ಕೈಗೆ ಬಂದ ತಕ್ಷಣ ನೋಡಬೇಕಾದ್ದು ಮಧ್ಯವನ್ನಲ್ಲ, ಈ ಎರಡು ತುದಿಗಳನ್ನು. ಗುಡ್ಡ ಗೋಡೆಗೆ ಒರಗಿ ನಿಂತಿದೆಯೇ? ಅಥವಾ ಗೋಡೆ ಮುಟ್ಟುವ ಮೊದಲೇ ಇಳಿದಿದೆಯೇ?

ನಮ್ಮ ಬೀಜೋಕ್ತಿ ಪರೀಕ್ಷೆಯಲ್ಲಿ ಎರಡೂ ತುದಿ ಖಾಲಿ. ಅಂದರೆ ಪ್ರಶ್ನೆಪತ್ರಿಕೆಯ ಅಳತೆಪಟ್ಟಿ ಈ ತರಗತಿಗೆ ಸಾಕಷ್ಟು ಉದ್ದವಿತ್ತು. ಗೋಡೆಗೆ ಒರಗಿದ ಚಿತ್ರ ಹೇಗಿರುತ್ತದೆ ಎಂದು ನೋಡಲು ಇನ್ನೊಂದು ಪರೀಕ್ಷೆ ತೆಗೆದುಕೊಳ್ಳೋಣ. ಅಷ್ಟೇ ಮಕ್ಕಳು, 20 ಅಂಕದ ಕಿರುಪರೀಕ್ಷೆ.

```
 6  ■
 7
 8
 9  ■
10  ■
11
12  ■■
13
14  ■■
15  ■■
16  ■■■
17  ■■■■
18  ■■■■■■
19  ■■■■■■■
20  ■■■■■■■■■■■
```

ಸರಾಸರಿ 17.1, ಮಧ್ಯಾಂಕ 18. ಸ್ಟಾಫ್ ರೂಮಿನಲ್ಲಿ ಬೆನ್ನು ತಟ್ಟುತ್ತಾರೆ. ಆದರೆ ಆಕಾರ ನೋಡಿ. ಕಂಬಗಳು ಏರುತ್ತ ಏರುತ್ತ ಬಂದು, ಅತಿ ಎತ್ತರದ ಕಂಬದ ಬಳಿ ಪ್ರಪಾತದಂತೆ ನಿಂತುಬಿಟ್ಟಿವೆ. ಇಳಿಜಾರೇ ಇಲ್ಲ. ಗುಡ್ಡದ ಬಲಭಾಗವನ್ನು ಪ್ರಶ್ನೆಪತ್ರಿಕೆ ಕತ್ತರಿಸಿದೆ. ಇದು ಚಾವಣಿ ಪರಿಣಾಮ. ಕೋಣೆಯ ಚಾವಣಿ ಐದಡಿಗೆ ಇದ್ದರೆ ಐದೂವರೆ ಅಡಿಯವನೂ ಆರಡಿಯವನೂ ಒಂದೇ ಎತ್ತರಕ್ಕೆ ಬಗ್ಗಿ ನಿಲ್ಲುತ್ತಾರೆ. 20 ತೆಗೆದ ಹನ್ನೊಂದು ಮಕ್ಕಳೂ ಹಾಗೆಯೇ. ಅವರಲ್ಲಿ ಯಾರು ಎಷ್ಟು ಬಲ್ಲರು ಎಂಬ ಮಾಹಿತಿ ಈ ಪರೀಕ್ಷೆಯಲ್ಲಿ ದಾಖಲಾಗಿಲ್ಲ.

ಇದನ್ನು ಗುರುತಿಸಬೇಕಾದರೆ ಪೂರ್ಣಾಂಕಕ್ಕೆ ಅದರದೇ ಕಂಬ ಇರಬೇಕು. ಇದೇ ಅಂಕಗಳನ್ನು 6–10, 11–15, 16–20 ಎಂದು ಮಾಡಿದರೆ 3, 6, 31 ಎಂದು ಬರುತ್ತದೆ. 31 ಮಕ್ಕಳು 17, 18ರ ಸುತ್ತ ನೆರೆದಿದ್ದಾರೋ, 20ರ ಗೋಡೆಗೆ ಒತ್ತಿಕೊಂಡಿದ್ದಾರೋ ಹೇಳಲಾಗುವುದಿಲ್ಲ. ಕೊನೆಯ ವರ್ಗಾಂತರಕ್ಕೆ ಪೂರ್ಣಾಂಕವನ್ನು ಸೇರಿಸಿಬಿಡುವ ಅಭ್ಯಾಸ ಬಹಳ ಜನರಲ್ಲಿದೆ, 'ಒಂದಕ್ಕೆ ಯಾಕೆ ಇನ್ನೊಂದು ಕಂಬ' ಎಂದು. ಚಾವಣಿ ಅಡಗುವುದು ಅಲ್ಲಿಯೇ.

ಗೋಡೆಯಲ್ಲಿ ಎಷ್ಟು ಜನ ಇದ್ದರೆ ಹೆಚ್ಚು? ಆರೋಗ್ಯ ಸಂಶೋಧನೆಯ ಪ್ರಶ್ನಾವಳಿಗಳಲ್ಲಿ ಶೇ 15ಕ್ಕಿಂತ ಹೆಚ್ಚು ಜನ ಗರಿಷ್ಠ ಅಂಕದಲ್ಲಿದ್ದರೆ ಚಾವಣಿ ಇದೆ ಎನ್ನುವ ರೂಢಿಯಿದೆ. ನಮ್ಮ ಉದಾಹರಣೆಯಲ್ಲಿ 40ರಲ್ಲಿ 11, ಅಂದರೆ ಶೇ 27.5. ಶಾಲೆಗೆ ಶೇ 15 ಎಂಬುದು ಕಾನೂನೇನಲ್ಲ. ನಾನು ಶೇಕಡಾವಾರಿಗಿಂತ ಆಕಾರವನ್ನೇ ನೆಚ್ಚುತ್ತೇನೆ. ಗೋಡೆಯ ಕಂಬ ಪಕ್ಕದ ಕಂಬಕ್ಕಿಂತ ಎತ್ತರವಾಗಿದ್ದರೆ ಗುಡ್ಡ ಕತ್ತರಿಸಿಹೋಗಿದೆ ಎಂದೇ ಲೆಕ್ಕ.

ಇದರಿಂದ ನಿಜವಾದ ತೊಂದರೆ ಬರುವುದು ಹೋಲಿಸುವಾಗ. ಈ ಕಿರುಪರೀಕ್ಷೆಯಾದ ಮೇಲೆ ಎಲ್ಲರಿಗೂ ಎರಡು ವಾರ ವಿಶೇಷ ತರಗತಿ ನಡೆಸಿ, ಅಂಥದೇ ಪತ್ರಿಕೆ ಮತ್ತೆ ಕೊಟ್ಟಿರಿ ಎನ್ನಿ. 9 ತೆಗೆದಿದ್ದ ಹುಡುಗಿ 14ಕ್ಕೆ ಬಂದಳು. 20 ತೆಗೆದಿದ್ದವಳು 20ರಲ್ಲೇ ಉಳಿದಳು. 'ಅಂತರ ಹನ್ನೊಂದರಿಂದ ಆರಕ್ಕೆ ಇಳಿಯಿತು, ವಿಶೇಷ ತರಗತಿಯಿಂದ ಹಿಂದುಳಿದವರಿಗೇ ಹೆಚ್ಚು ಲಾಭ' ಎಂದು ವರದಿ ಬರೆಯುವುದು ಸುಲಭ. ಮೊದಲ ಹುಡುಗಿ ಕಲಿತಿದ್ದು ನಿಜ. ಎರಡನೆಯವಳು ಎಷ್ಟು ಕಲಿತಳು ಎಂದು ಈ ಪತ್ರಿಕೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವಳ ಅಂಕ ಇಳಿಯಬಹುದಿತ್ತು, ಏರುವಂತಿರಲಿಲ್ಲ.

ಹಾಗಂತ ಚಾವಣಿ ಯಾವಾಗಲೂ ದೋಷವಲ್ಲ. ಮಗ್ಗಿ, ಕಾಗುಣಿತ, ಪ್ರಯೋಗಾಲಯದ ಸುರಕ್ಷತಾ ನಿಯಮಗಳು: ಇವುಗಳ ಪರೀಕ್ಷೆಯಲ್ಲಿ ಎಲ್ಲರೂ ಗೋಡೆಗೆ ಒರಗಬೇಕೆಂದೇ ನಮ್ಮ ಆಸೆ. 'ಕಲಿತರೋ ಇಲ್ಲವೋ' ಎಂದು ಕೇಳುವ ಪರೀಕ್ಷೆಗೆ ಚಾವಣಿ ಶುಭಸುದ್ದಿ. 'ಯಾರು ಎಷ್ಟು ಮುಂದೆ' ಎಂದು ಕೇಳುವ ಪರೀಕ್ಷೆಗೆ ಅದು ಕುರುಡು. ಎರಡನೆಯದು ಬೇಕಾಗಿದ್ದರೆ ಮುಂದಿನ ಪತ್ರಿಕೆಗೆ ಮೂರು ನಾಲ್ಕು ಕಠಿಣ ಪ್ರಶ್ನೆ ಸೇರಿಸುವುದೊಂದೇ ದಾರಿ. ಇದ್ದ ಅಂಕಗಳನ್ನೇ 100ಕ್ಕೆ ಹಿಗ್ಗಿಸಿದರೆ ಆ ಹನ್ನೊಂದು ಮಕ್ಕಳೂ 100ಕ್ಕೆ ಹೋಗಿ ಅಲ್ಲೂ ಒಟ್ಟಿಗೇ ನಿಲ್ಲುತ್ತಾರೆ.

ಎಡಗೋಡೆಯ ಬಗ್ಗೆ ಒಂದು ಮಾತು, ಏಕೆಂದರೆ ಅದು ನಾವೆಣಿಸಿದ ಜಾಗದಲ್ಲಿ ಇರುವುದಿಲ್ಲ. 8ನೇ ತರಗತಿಯವರಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಅಣಕು ಪರೀಕ್ಷೆ ಮಾಡಿಸುತ್ತೇವೆ. ಒಂದು ಪತ್ರಿಕೆಗೆ 90 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರಶ್ನೆಯನ್ನೇ ಓದದೆ ಎಲ್ಲವನ್ನೂ ಊಹಿಸಿ ಗುರುತು ಮಾಡಿದವನಿಗೂ ಸರಾಸರಿ 22 ಅಥವಾ 23 ಬರುತ್ತದೆ. ಹಾಗೆ ಊಹಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಸುಮಾರು 18ರಿಂದ 27ರ ನಡುವೆ ಬೀಳುತ್ತಾರೆ. ಹಾಗಾಗಿ ಅಂಥ ಪರೀಕ್ಷೆಯಲ್ಲಿ ನೆಲ ಇರುವುದು ಸೊನ್ನೆಯಲ್ಲಲ್ಲ, 20ರ ಆಸುಪಾಸಿನಲ್ಲಿ. ಅಲ್ಲಿ ದೊಡ್ಡ ಗುಡ್ಡ ಕಂಡರೆ 'ಕಾಲುಭಾಗವಾದರೂ ಬರುತ್ತದಲ್ಲ' ಎಂದು ಸಮಾಧಾನಪಡುವಂತಿಲ್ಲ.

ಎರಡನೆಯ ನೋಟ: ಗುಡ್ಡ ಎಷ್ಟು?

ಈಗ ಬೀಜೋಕ್ತಿ ಪರೀಕ್ಷೆಗೆ ಮರಳೋಣ. 10–14ರಲ್ಲಿ ಒಂದು ಶಿಖರ, 30–34ರಲ್ಲಿ ಇನ್ನೊಂದು, ನಡುವಿನ 20–24ರಲ್ಲಿ ಇಬ್ಬರೇ. ಸರಾಸರಿ 22.5 ನೇರವಾಗಿ ಕಣಿವೆಯ ತಳಕ್ಕೆ ಬಿದ್ದಿದೆ.

ಈ ಕಣಿವೆ ನಿಜವೋ ಆಕಸ್ಮಿಕವೋ ಎಂದು ಕೇಳಿಕೊಳ್ಳಬೇಕು. ಒಂದು ಒರಟು ಲೆಕ್ಕ ಸಾಕು. ಕಂಬದಲ್ಲಿ ಇರಬೇಕಾದ ಮಕ್ಕಳ ಸಂಖ್ಯೆಗೆ ವರ್ಗಮೂಲ ತೆಗೆಯಿರಿ, ಅಷ್ಟರಮಟ್ಟಿಗೆ ಆಚೀಚೆ ಆಗುವುದು ಸಹಜ. ತರಗತಿಗೆ ಒಂದೇ ಗುಡ್ಡವಿದ್ದಿದ್ದರೆ 20–24ರ ನಡುಗಂಬವೇ ಎತ್ತರವಾಗಿ, ಹತ್ತು ಮಕ್ಕಳಾದರೂ ಅಲ್ಲಿರಬೇಕಿತ್ತು. ಹತ್ತರ ವರ್ಗಮೂಲ ಮೂರು ಚಿಲ್ಲರೆ. ಏಳು ಬಂದಿದ್ದರೆ ಸುಮ್ಮನಿರಬಹುದಿತ್ತು, ಐದು ಬಂದಿದ್ದರೆ ಅನುಮಾನಿಸಬಹುದಿತ್ತು. ಬಂದಿರುವುದು ಎರಡು. ಮೂರು ಬೇರೆ ಬೇರೆ ಅಗಲಗಳಲ್ಲೂ ಕಣಿವೆ ಉಳಿದಿದ್ದನ್ನು ಆಗಲೇ ನೋಡಿದೆವು. ಹಾಗಾಗಿ ಇಲ್ಲಿ ಎರಡು ಗುಂಪುಗಳಿವೆ ಎಂದುಕೊಂಡು ಕಾರಣ ಹುಡುಕಬಹುದು.

ಕಾರಣ ಹುಡುಕುವಾಗ ನಾಲಿಗೆ ತುದಿಗೆ ಬರುವುದು 'ಬುದ್ಧಿವಂತರು, ದಡ್ಡರು' ಎಂಬ ವಿಂಗಡಣೆ. ಹಿಸ್ಟೋಗ್ರಾಂ ಅದನ್ನು ಹೇಳಿಲ್ಲ. ಎರಡು ಗುಂಪು ಇವೆ ಎಂದಷ್ಟೇ ಹೇಳಿದೆ, ಏಕೆ ಎಂದು ಹೇಳಿಲ್ಲ. ಏಕೆ ಎಂಬುದು ಉತ್ತರಪತ್ರಿಕೆಗಳ ಕಟ್ಟಿನಲ್ಲಿದೆ.

ನಾನು ಮಾಡುವುದು ಇಷ್ಟು. ಕಣಿವೆಯ ತಳದಲ್ಲಿ, ಅಂದರೆ ಇಲ್ಲಿ 20ರ ಬಳಿ, ಕಟ್ಟನ್ನು ಎರಡು ಭಾಗ ಮಾಡುತ್ತೇನೆ. ಕೆಳಗೆ 18 ಪತ್ರಿಕೆ, ಮೇಲೆ 22. ಆಮೇಲೆ ಪ್ರಶ್ನೆವಾರು ಅಂಕಗಳನ್ನು ಎರಡೂ ಕಟ್ಟಿಗೆ ಬೇರೆ ಬೇರೆಯಾಗಿ ಕೂಡುತ್ತೇನೆ. ಒಂದು ಗಂಟೆಯ ಕೆಲಸ, ಬೇಸರದ್ದೇ, ಆದರೆ ಬೇರೆ ದಾರಿಯಿಲ್ಲ. ನಮ್ಮ ಉದಾಹರಣೆಯಲ್ಲಿ ಪತ್ರಿಕೆಯ 40 ಅಂಕಗಳಲ್ಲಿ 16 ಅಂಕ ಆವರಣ ಬಿಡಿಸುವ ಲೆಕ್ಕಗಳಿಗೆ ಹೋಗಿತ್ತು ಎನ್ನಿ. 5x − (2x − 3) ಎಂಬಂಥವು. ಕೂಡಿ ನೋಡಿದರೆ ಆ 16ರಲ್ಲಿ ಕೆಳಗಿನ ಕಟ್ಟಿನ ಸರಾಸರಿ 2, ಮೇಲಿನ ಕಟ್ಟಿನದು 13. ಉಳಿದ 24 ಅಂಕಗಳಲ್ಲಿ ಕೆಳಗಿನವರದು 11, ಮೇಲಿನವರದು 17.

ಈಗ ವಿಷಯ ಬಿಚ್ಚಿಕೊಂಡಿತು. ಎರಡು ಗುಂಪುಗಳ ನಡುವೆ 17 ಅಂಕದ ಅಂತರವಿದೆ. ಅದರಲ್ಲಿ 11 ಅಂಕ ಒಂದೇ ಜಾಗದಿಂದ ಬಂದಿದೆ. ಕೆಳಗಿನ ಕಟ್ಟಿನಲ್ಲಿ ಪತ್ರಿಕೆ ತಿರುವಿದಂತೆ 3x − 3 ಎಂಬ ಉತ್ತರ ಮತ್ತೆ ಮತ್ತೆ ಎದುರಾಗುತ್ತದೆ. ಆವರಣದ ಹೊರಗಿನ ಕಳೆಯುವ ಚಿಹ್ನೆ ಒಳಗಿನ ಮೊದಲ ಪದವನ್ನು ಮಾತ್ರ ಮುಟ್ಟಿದೆ, ಎರಡನೆಯದನ್ನು ಮುಟ್ಟಿಲ್ಲ. 3x + 3 ಆಗಬೇಕಿತ್ತು. ಆ ನಿಯಮ ಗೊತ್ತಿದ್ದವರಿಗೆ ಅಂಥ ಎಲ್ಲ ಲೆಕ್ಕವೂ ಬಂತು, ಗೊತ್ತಿಲ್ಲದವರಿಗೆ ಒಂದೂ ಬರಲಿಲ್ಲ. ಅರ್ಧಂಬರ್ಧ ಗೊತ್ತಿರುವುದಕ್ಕೆ ಅಲ್ಲಿ ಅವಕಾಶ ಕಡಿಮೆ. ಗುಡ್ಡ ಎರಡಾಗಿ ಸೀಳುವುದು ಸಾಮಾನ್ಯವಾಗಿ ಇಂಥ ಕಡೆಯಲ್ಲೇ: ಗೊತ್ತಿದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ ಎನ್ನುವ ಒಂದು ವಿಷಯಕ್ಕೆ ಪತ್ರಿಕೆಯಲ್ಲಿ ದೊಡ್ಡ ಪಾಲು ಸಿಕ್ಕಾಗ.

ಖಚಿತಪಡಿಸಿಕೊಳ್ಳಲು ಆ 16 ಅಂಕ ಬಿಟ್ಟು, ಉಳಿದ 24ಕ್ಕೆ ಮಾತ್ರ ಹಿಸ್ಟೋಗ್ರಾಂ ಮತ್ತೊಮ್ಮೆ ಬರೆಯಿರಿ. ಗುಡ್ಡಗಳು ಹತ್ತಿರ ಬಂದು ಕಣಿವೆ ತುಂಬಿದರೆ ನಿಮ್ಮ ಊಹೆ ಸರಿ. ತುಂಬದಿದ್ದರೆ ಕಾರಣ ಬೇರೆಲ್ಲೋ ಇದೆ. 7ನೇ ತರಗತಿಯವರೆಗೆ ಎರಡು ಬೇರೆ ಶಾಲೆಗಳಲ್ಲಿ ಓದಿ ಬಂದಿರಬಹುದು. ಎರಡು ವಿಭಾಗಗಳಿಗೆ ಇಬ್ಬರು ಪಾಠ ಮಾಡಿರಬಹುದು. ಇಬ್ಬರು ಮೌಲ್ಯಮಾಪನ ಮಾಡಿ, ಒಬ್ಬರ ಕೈ ಬಿಗಿಯಾಗಿರಬಹುದು. ಇಂಥವನ್ನು ಒಂದೊಂದಾಗಿ, ಎರಡು ಬಣ್ಣದ ಪೆನ್ನಿನಿಂದ ಗುರುತು ಹಾಕಿ ನೋಡಿ. ಆದರೆ ಊರು, ಲಿಂಗ, ಬೆಂಚು, ಹೆಸರಿನ ಮೊದಲ ಅಕ್ಷರ ಎಂದು ಸೀಳುತ್ತಲೇ ಹೋದರೆ ಯಾವುದೋ ಒಂದರಲ್ಲಿ ವ್ಯತ್ಯಾಸ ಸಿಕ್ಕೇ ಸಿಗುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ. ಮೊದಲೇ ಸಕಾರಣವಾಗಿ ಅನುಮಾನವಿದ್ದ ಎರಡು ಮೂರನ್ನು ಮಾತ್ರ ಪರೀಕ್ಷಿಸುವುದು ಮೇಲು.

ಮೂರನೆಯ ನೋಟ: ಬಾಲ

ಗುಡ್ಡ ಒಂದೇ ಎಂದು ಖಾತ್ರಿಯಾದ ಮೇಲಷ್ಟೇ ಓರೆಯ ಮಾತು. ಒಂದು ಕಡೆ ಗುಡ್ಡ ಕಡಿದಾಗಿ ಇಳಿದು, ಇನ್ನೊಂದು ಕಡೆ ನಿಧಾನವಾಗಿ ಬಾಲದಂತೆ ಎಳೆದಿದ್ದರೆ ಅದು ಓರೆ. ಹೆಸರಿನಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುತ್ತಾರೆ, ನಾನೂ ಎಡವಿದ್ದೇನೆ. 'ಬಲಕ್ಕೆ ಓರೆ' ಎಂದರೆ ಮಕ್ಕಳ ರಾಶಿ ಬಲಕ್ಕಿದೆ ಎಂದಲ್ಲ, ಬಾಲ ಬಲಕ್ಕಿದೆ ಎಂದು. ರಾಶಿ ಎಡಕ್ಕಿರುತ್ತದೆ. ಬಾಲ ಹೋದ ದಿಕ್ಕೇ ಓರೆಯ ದಿಕ್ಕು.

ಕಠಿಣ ಪತ್ರಿಕೆಯೊಂದರ ಚಿತ್ರ ಹೀಗಿರಬಹುದು. ಇದೂ 40 ಅಂಕ, 40 ಮಕ್ಕಳು.

```
 0–4   ■■■■■
 5–9   ■■■■■■■■■■■■■
10–14  ■■■■■■■■■■
15–19  ■■■■■■
20–24  ■■■
25–29  ■■
30–34
35–39  ■
```

ವರ್ಗಾಂತರಗಳ ಮಧ್ಯಬಿಂದು ಹಿಡಿದು ಲೆಕ್ಕ ಹಾಕಿದರೆ ಸರಾಸರಿ 12. ಮಧ್ಯಾಂಕ ಅದಕ್ಕಿಂತ ಕೆಳಗೆ, ಸುಮಾರು 11. ಬಾಲದಲ್ಲಿರುವ ಕೆಲವರು ಸರಾಸರಿಯನ್ನು ತಮ್ಮ ಕಡೆಗೆ ಎಳೆದಿದ್ದಾರೆ. ಮಧ್ಯಾಂಕ ಅಷ್ಟು ಜಗ್ಗುವುದಿಲ್ಲ, ಏಕೆಂದರೆ ಅದು ಸಾಲಿನ ಮಧ್ಯದಲ್ಲಿ ನಿಂತವರನ್ನು ಮಾತ್ರ ನೋಡುತ್ತದೆ. ಕೊನೆಯ ಒಬ್ಬನನ್ನು ಬಿಟ್ಟರೆ ಸರಾಸರಿ 11.4ಕ್ಕೆ ಇಳಿಯುತ್ತದೆ. ಸರಾಸರಿ ಮಧ್ಯಾಂಕಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಬಾಲ ಬಲಕ್ಕೆ, ಕೆಳಗಿದ್ದರೆ ಎಡಕ್ಕೆ ಎಂಬ ಸೂತ್ರ ಹುಟ್ಟಿದ್ದು ಹೀಗೆ.

ಆದರೆ ಈ ಸೂತ್ರವನ್ನು ಚಿತ್ರ ನೋಡದೆ ಬಳಸಬೇಡಿ. ನಮ್ಮ ಬೀಜೋಕ್ತಿ ಪರೀಕ್ಷೆಯಲ್ಲಿ ಸರಾಸರಿ 22.5, ಮಧ್ಯಾಂಕ 24.5. ಸೂತ್ರದ ಪ್ರಕಾರ 'ಎಡಕ್ಕೆ ಓರೆ, ಕೆಲವೇ ಮಕ್ಕಳು ಹಿಂದೆ ಉಳಿದಿದ್ದಾರೆ'. ಅಲ್ಲಿ ಬಾಲವೇ ಇಲ್ಲ, ಇದ್ದದ್ದು 18 ಮಕ್ಕಳ ಇನ್ನೊಂದು ಗುಡ್ಡ. ಕಿರುಪರೀಕ್ಷೆಯಲ್ಲೂ ಸರಾಸರಿ 17.1, ಮಧ್ಯಾಂಕ 18. ಅಲ್ಲಿ ಬಾಲ ನಿಜವಾಗಿ ಎಡಕ್ಕಿದೆ, ಆದರೆ ಓರೆಯ ಬಹುಪಾಲು ಗೋಡೆಯ ಕೆಲಸ. ಬಲಭಾಗವನ್ನು ಕತ್ತರಿಸಿದರೆ ಯಾವ ಗುಡ್ಡವಾದರೂ ಎಡಕ್ಕೆ ವಾಲಿದಂತೆಯೇ ಕಾಣುತ್ತದೆ. ಗೋಡೆ, ಗುಡ್ಡ, ಆಮೇಲೆ ಬಾಲ ಎಂದು ನಾನು ಕ್ರಮ ಹಿಡಿದಿದ್ದು ಇದಕ್ಕಾಗಿ.

ಬಲಕ್ಕೆ ಬಾಲ ಬಂದಾಗ ಕೇಳಬೇಕಾದ ಪ್ರಶ್ನೆ: ಪತ್ರಿಕೆ ಕಠಿಣವಾಗಿತ್ತೇ, ಪಾಠ ಮುಟ್ಟಿರಲಿಲ್ಲವೇ, ಅಥವಾ ಸಮಯ ಸಾಲಲಿಲ್ಲವೇ? ಮೂರಕ್ಕೂ ಆಕಾರ ಒಂದೇ. ಎಡಗುಡ್ಡದ ಹತ್ತು ಉತ್ತರಪತ್ರಿಕೆ ತೆಗೆದು ಕೊನೆಯ ಎರಡು ಪುಟ ನೋಡಿ. ಆರಂಭದ ಉತ್ತರಗಳು ಸರಿಯಿದ್ದು ಕೊನೆಯ ಪುಟಗಳು ಖಾಲಿಯಿದ್ದರೆ ಸಮಯದ ದೋಷ. ಎಲ್ಲ ಕಡೆ ಬರೆದು ಎಲ್ಲ ಕಡೆ ತಪ್ಪಿದ್ದರೆ ಪಾಠದ ದೋಷ.

ಎಡಕ್ಕೆ ಬಾಲ ಬಂದು, ಗೋಡೆಯೂ ಅಡ್ಡಬರದಿದ್ದಾಗ ಕೆಲಸ ಬೇರೆ ರೀತಿಯದು. ತರಗತಿಯ ರಾಶಿ 30ರ ಹತ್ತಿರ ಚೆನ್ನಾಗಿದೆ, ನಾಲ್ಕೈದು ಮಕ್ಕಳು ಮಾತ್ರ 8, 13, 17 ಎಂದು ಚದುರಿದ್ದಾರೆ. ಅವರು ಒಂದು ಗುಂಪಲ್ಲ. ಗುಂಪಾಗಿದ್ದರೆ ಒಂದು ಕಡೆ ಮತ್ತೆ ದಿಬ್ಬವೆದ್ದಿರುತ್ತಿತ್ತು. ಒಬ್ಬ ಜ್ವರ ಬಂದು ಮೂರು ವಾರ ಬಂದಿರಲಿಲ್ಲ, ಒಬ್ಬಳು ಕೊಯ್ಲಿಗೆ ಹೋಗಿದ್ದಳು, ಒಬ್ಬನಿಗೆ ಕಪ್ಪುಹಲಗೆ ಸರಿಯಾಗಿ ಕಾಣುವುದಿಲ್ಲ. ಬಾಲದ ಮಕ್ಕಳನ್ನು ಹೆಸರು ಹಿಡಿದು ವಿಚಾರಿಸಬೇಕು. ಅವರೆಲ್ಲರನ್ನೂ ಕೂರಿಸಿ ಒಂದೇ ವಿಶೇಷ ತರಗತಿ ಮಾಡಿದರೆ ಯಾರ ತೊಂದರೆಯೂ ತೀರುವುದಿಲ್ಲ. ಎರಡನೆಯ ಗುಡ್ಡದ 18 ಮಕ್ಕಳಿಗಾದರೆ ಒಂದೇ ತರಗತಿ ಸಾಕು, ಆವರಣದ ಚಿಹ್ನೆಯ ಬಗ್ಗೆ.

ಪಾಸಿನ ಗೆರೆ ಮಾಡುವ ಮೋಸ

ಇನ್ನೊಂದು ಕಣಿವೆ ಇದೆ, ಅದು ಮಕ್ಕಳದಲ್ಲ, ನಮ್ಮ ಕೆಂಪು ಪೆನ್ನಿನದು. ಬಹುಕಾಲ ನಮ್ಮಲ್ಲಿ 100ಕ್ಕೆ 35 ಪಾಸಾಗಿತ್ತು. 33, 34 ಬಂದ ಪತ್ರಿಕೆಯನ್ನು ಮತ್ತೊಮ್ಮೆ ತಿರುವಿ ಎಲ್ಲಾದರೂ ಒಂದಂಕ ಸಿಗುತ್ತದೆಯೇ ಎಂದು ಹುಡುಕದ ಶಿಕ್ಷಕರು ಯಾರಿದ್ದರು? ಹಾಗಾಗಿ 35ರ ಕೆಳಗೆ ಒಂದು ಗುಳಿ, 35ರಲ್ಲಿ ಒಂದು ಮೊನೆ. ಇದು ನಮ್ಮಲ್ಲಿ ಮಾತ್ರವಲ್ಲ. ಪೋಲೆಂಡಿನ ಮತುರಾ ಎಂಬ ಶಾಲಾಂತ್ಯ ಪರೀಕ್ಷೆಯಲ್ಲಿ ಪಾಸಿನ ಗೆರೆ ಶೇ 30. ಅಲ್ಲಿ ಪೋಲಿಷ್ ಭಾಷೆಯ ಪತ್ರಿಕೆಯ ಹಿಸ್ಟೋಗ್ರಾಂನಲ್ಲಿ ಆ ಗೆರೆಯ ಕೆಳಗೆ ಗುಳಿ, ಗೆರೆಯ ಮೇಲೆ ಮೊನೆ ಎದ್ದು ಕಾಣುತ್ತಿತ್ತು.

ನಮ್ಮ ಬೀಜೋಕ್ತಿ ಪಟ್ಟಿಯನ್ನೇ ಮತ್ತೆ ನೋಡಿ. 40ಕ್ಕೆ ಶೇ 35 ಎಂದರೆ 14. ಪಟ್ಟಿಯಲ್ಲಿ 12ರಲ್ಲಿ ಮೂವರು, 13ರಲ್ಲಿ ಒಬ್ಬರು, 14ರಲ್ಲಿ ನಾಲ್ವರು. ಒಂದಿಬ್ಬರು 13ರಿಂದ 14ಕ್ಕೆ ದಾಟಿರುವ ವಾಸನೆ ಇದೆ, ನಾಲ್ಕೈದು ಮಕ್ಕಳ ಲೆಕ್ಕವಾದ್ದರಿಂದ ಹೆಚ್ಚು ಹೇಳಲಾಗದು. ಆದರೆ ಅವರನ್ನು ಹಿಂದಕ್ಕೆ ತಳ್ಳಿದರೂ 10–14ರ ಕಂಬ ಹತ್ತರಲ್ಲೇ ಇರುತ್ತದೆ. ಕಣಿವೆ ಇರುವುದು 20ರ ಮೇಲೆ, ಪಾಸಿನ ಗೆರೆಯಿಂದ ದೂರ. ಪಾಸಿನ ಗುಳಿ ಒಂದೆರಡು ಅಂಕದಷ್ಟು ಕಿರಿದಾಗಿದ್ದು ಗೆರೆಗೆ ಅಂಟಿಕೊಂಡಿರುತ್ತದೆ. ಎರಡು ಗುಂಪಿನ ನಡುವಿನ ಕಣಿವೆ ಅಗಲವಾಗಿದ್ದು ಗೆರೆ ಎಲ್ಲಿದೆ ಎಂದು ನೋಡುವುದಿಲ್ಲ.

ಮಕ್ಕಳು ಕಡಿಮೆ ಇದ್ದಾಗ

ಹದಿನೈದು ಮಕ್ಕಳ ತರಗತಿಗೆ ಹಿಸ್ಟೋಗ್ರಾಂ ಬರೆಯುವ ಗೋಜಿಗೆ ನಾನು ಹೋಗುವುದಿಲ್ಲ. ಏಳು ಕಂಬಕ್ಕೆ ಹಂಚಿದರೆ ಒಂದೊಂದಕ್ಕೆ ಇಬ್ಬರು, ಮೂವರು. ಅಷ್ಟರಲ್ಲಿ ಒಬ್ಬ ಆಚೀಚೆಯಾದರೆ ಗುಡ್ಡ ಕಣಿವೆಯಾಗುತ್ತದೆ, ಕಣಿವೆ ಗುಡ್ಡವಾಗುತ್ತದೆ. ಅಲ್ಲಿ ಒಂದು ಅಡ್ಡಗೆರೆ ಎಳೆದು, ಸೊನ್ನೆಯಿಂದ ಪೂರ್ಣಾಂಕದವರೆಗೆ ಗುರುತು ಮಾಡಿ, ಪ್ರತಿ ಮಗುವಿಗೂ ಅದರ ಅಂಕದ ಮೇಲೆ ಒಂದು ಚುಕ್ಕಿ ಇಡುತ್ತೇನೆ. ಒಂದೇ ಅಂಕಕ್ಕೆ ಇಬ್ಬರು ಬಂದರೆ ಚುಕ್ಕಿಯ ಮೇಲೆ ಚುಕ್ಕಿ. ಹದಿನೈದು ಚುಕ್ಕಿಗಳಲ್ಲಿ ಎಂಟು ಬಲಗೋಡೆಗೆ ಒತ್ತಿಕೊಂಡಿದ್ದರೆ ಅದು ಅಲ್ಲೇ ಕಾಣುತ್ತದೆ. ಬಾಲದ ತುದಿಯ ಚುಕ್ಕಿಯ ಪಕ್ಕದಲ್ಲಿ ಆ ಮಗುವಿನ ಹೆಸರನ್ನೂ ಬರೆದುಕೊಳ್ಳುತ್ತೇನೆ.